ಕೆಲಸ ದೊಡ್ಡದೆಂದು ತಿಳಿದ ಮೇಲೆ ಸಂಬಳದ ಮಾತು

ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಹುಡುಕಿದವರಿಗೆಲ್ಲ ಮೊದಲ ಫೋನ್ ಕರೆಯ ನಡಾವಳಿ ಗೊತ್ತಿರುತ್ತದೆ. ಎಚ್‌ಆರ್ ಕಡೆಯವರು ಹೆಸರು, ಅನುಭವ ವಿಚಾರಿಸುತ್ತಾರೆ. ಅದರ ಬೆನ್ನಿಗೇ ಮೂರು ಪ್ರಶ್ನೆ ಬರುತ್ತವೆ: ಈಗಿನ ಸಿಟಿಸಿ ಎಷ್ಟು, ನಿಮ್ಮ ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ. ಅಷ್ಟು ಹೊತ್ತಿಗೆ ಅಭ್ಯರ್ಥಿಗೆ ಗೊತ್ತಿರುವುದು ಹುದ್ದೆಯ ಹೆಸರು ಮತ್ತು ಜೆಡಿಯಲ್ಲಿರುವ ಹತ್ತು ಸಾಲು ಮಾತ್ರ. ಆದರೂ ಒಂದು ಅಂಕಿ ಹೇಳಲೇಬೇಕು. ಹೇಳದಿದ್ದರೆ ಅರ್ಜಿಯೇ ಮುಂದೆ ಹೋಗುವುದಿಲ್ಲ.

ಅಮೆರಿಕದ ಕೆಲವು ರಾಜ್ಯಗಳಲ್ಲಿ ಹೀಗಿಲ್ಲ. ಕೊಲೊರಾಡೊದಲ್ಲಿ 2021ರಿಂದ, ಕ್ಯಾಲಿಫೋರ್ನಿಯಾದಲ್ಲಿ 2023ರಿಂದ, ಜಾಹೀರಾತಿನಲ್ಲೇ ಸಂಬಳದ ಕನಿಷ್ಠ, ಗರಿಷ್ಠ ಮಿತಿಯನ್ನು ಕಂಪನಿ ತಿಳಿಸಬೇಕೆಂಬ ಕಾನೂನಿದೆ. ನಮ್ಮಲ್ಲಿ ಮೊದಲು ಬಾಯಿಬಿಡುವ ಹೊರೆ ಅಭ್ಯರ್ಥಿಯ ಮೇಲೇ ಬೀಳುತ್ತದೆ. ಹಾಗೆ ಹೇಳಿದ ಅಂಕಿ ಅಲ್ಲಿಗೇ ಮರೆತುಹೋಗುವುದೂ ಇಲ್ಲ. ಅದು ಕಂಪನಿಯ ನೇಮಕಾತಿ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಹೆಸರಿನ ಮುಂದೆ ದಾಖಲಾಗುತ್ತದೆ. ಸಂದರ್ಶನ ಮಾಡುವ ಮ್ಯಾನೇಜರ್‌ಗೂ ಕೊನೆಗೆ ಆಫರ್‌ಗೆ ಒಪ್ಪಿಗೆ ಕೊಡುವವರಿಗೂ ಅದೇ ಕಾಣುತ್ತದೆ.

ಎರಡನೆಯ ಸುತ್ತೋ ಮೂರನೆಯ ಸುತ್ತೋ ಆದಾಗ ನಿಜವಾದ ಕೆಲಸ ಏನೆಂದು ತಿಳಿಯುತ್ತದೆ. ಹಲವು ಸಲ ಅದು ಮೊದಲು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿರುತ್ತದೆ. ಆಗ ಹೇಳಿದ ಅಂಕಿಯನ್ನು ಬದಲಿಸಬೇಕು ಅನ್ನಿಸುತ್ತದೆ, ಆದರೆ ಮಾತು ತಪ್ಪಿದವರಂತೆ ಕಂಡೇವು ಎಂಬ ಅಳುಕೂ ಹುಟ್ಟುತ್ತದೆ. ಬಹಳ ಮಂದಿ ಈ ಅಳುಕಿನಲ್ಲೇ ಹಳೆಯ ಅಂಕಿಗೆ ಸೇರಿಕೊಂಡು, ಆರು ತಿಂಗಳಲ್ಲಿ ಬೇಸತ್ತು ಮತ್ತೆ ಕೆಲಸ ಹುಡುಕಲು ಶುರುಮಾಡುತ್ತಾರೆ. ಅದರಿಂದ ಅವರಿಗೂ ನಷ್ಟ, ಕಂಪನಿಗೂ ನಷ್ಟ.

ಅಂಕಿ ಬದಲಾದರೆ ಎಚ್‌ಆರ್‌ನವರಿಗೆ ಅನುಮಾನ ಬರುವುದೇಕೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ನಮ್ಮ ಐಟಿ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ ಸಾಮಾನ್ಯವಾಗಿ 60 ಅಥವಾ 90 ದಿನ. ಒಬ್ಬರು ಆಫರ್ ಒಪ್ಪಿಕೊಂಡು ರಾಜೀನಾಮೆ ಕೊಟ್ಟ ಮೇಲೂ ಎರಡು ಮೂರು ತಿಂಗಳು ಹಳೆಯ ಕಂಪನಿಯಲ್ಲೇ ಇರುತ್ತಾರೆ. ಆ ಅವಧಿಯಲ್ಲಿ ಕೈಯಲ್ಲಿರುವ ಆಫರ್ ತೋರಿಸಿ ಇನ್ನೊಂದು ಕಡೆ ಹೆಚ್ಚಿಗೆ ಕೇಳುವುದು, ಅದನ್ನು ತೋರಿಸಿ ಮತ್ತೊಂದು ಕಡೆ ಕೇಳುವುದು, ಕೊನೆಗೆ ಸೇರುವ ದಿನ ಫೋನ್ ಎತ್ತದಿರುವುದು, ಇವೆಲ್ಲ ನಡೆಯುತ್ತವೆ. ಎಚ್‌ಆರ್‌ನವರಿಗೆ ಇದಕ್ಕಿಂತ ದೊಡ್ಡ ತಲೆನೋವಿಲ್ಲ. ಹಾಗಾಗಿ ನೀವು 18 ಲಕ್ಷ ಎಂದದ್ದನ್ನು 22 ಲಕ್ಷ ಎಂದ ಕೂಡಲೇ ಅವರ ತಲೆಗೆ ಬರುವುದು ಒಂದೇ ವಿಚಾರ: ಇವರ ಕೈಯಲ್ಲಿ ಬೇರೆ ಆಫರ್ ಇದೆ, ನಮ್ಮದನ್ನೂ ಹಿಡಿದು ಎಳೆದಾಡುತ್ತಾರೆ. ಅಂಕಿ ಬದಲಾದದ್ದಕ್ಕಿಂತ ಯಾಕೆ ಬದಲಾಯಿತೆಂದು ತಿಳಿಯದಿರುವುದೇ ಅವರನ್ನು ಹೆಚ್ಚು ಕಾಡುತ್ತದೆ. ಆ ಕಾರಣವನ್ನು ಅವರ ಕಂಪನಿಯವರೇ ಆಡಿದ ಮಾತಿನಿಂದ ತೋರಿಸಲು ಸಾಧ್ಯವಾದರೆ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

ಒಂದು ಪ್ರಸಂಗವನ್ನು ಇಟ್ಟುಕೊಂಡು ನೋಡೋಣ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಆರು ವರ್ಷ ಅನುಭವವಿರುವ ಒಬ್ಬ ಯುವತಿ ಇದ್ದಾಳೆ ಎಂದುಕೊಳ್ಳಿ. ಈಗಿನ ಸಿಟಿಸಿ 14 ಲಕ್ಷ. ಹೊಸ ಕಂಪನಿಯ ಜೆಡಿಯಲ್ಲಿ ‘ಸೀನಿಯರ್ ಟೆಸ್ಟ್ ಎಂಜಿನಿಯರ್’ ಎಂದಿದೆ. ಟೆಸ್ಟ್ ಕೇಸ್ ಬರೆಯುವುದು, ಆಟೊಮೇಷನ್ ಮಾಡುವುದು, ವಾರದಲ್ಲಿ ಮೂರು ದಿನ ವೈಟ್‌ಫೀಲ್ಡ್ ಆಫೀಸಿಗೆ ಬರುವುದು, ಇವಿಷ್ಟು ಕೆಲಸ. ಮೊದಲ ಕರೆಯಲ್ಲಿ ಆಕೆ 18 ಲಕ್ಷ ಎಂದಳು. ಮೂರನೆಯ ಸುತ್ತಿನಲ್ಲಿ ಮ್ಯಾನೇಜರ್ ಕೆಲಸವನ್ನು ಬಿಡಿಸಿ ಹೇಳಿದರು. ನಾಲ್ಕು ಜನ ಕಿರಿಯರ ತಂಡ ಆಕೆಯ ಕೈಕೆಳಗೆ ಇರುತ್ತದೆ. ಪ್ರತಿ ರಿಲೀಸ್‌ಗೆ ಮುಂಚೆ ‘ಸರಿಯಿದೆ’ ಎಂದು ಸಹಿ ಹಾಕುವ ಹೊಣೆ ಆಕೆಯದು. ನಾಲ್ಕು ವಾರಕ್ಕೊಮ್ಮೆ ಒಂದು ವಾರ ಆನ್-ಕಾಲ್, ಅಂದರೆ ರಾತ್ರಿ ಯಾವ ಹೊತ್ತಿಗೆ ತೊಂದರೆಯಾದರೂ ಎದ್ದು ನೋಡಬೇಕು. ಗಿರಾಕಿ ಅಮೆರಿಕದ ಪಶ್ಚಿಮ ತೀರದವರಾದ್ದರಿಂದ ವಾರಕ್ಕೆ ಮೂರು ದಿನ ಅವರ ಬೆಳಗಿನ 9 ಗಂಟೆಗೆ ಮೀಟಿಂಗ್. ಅದು ನಮ್ಮಲ್ಲಿ ಬೇಸಿಗೆಯಲ್ಲಿ ರಾತ್ರಿ 9.30, ಚಳಿಗಾಲದಲ್ಲಿ 10.30.

ಆಕೆ ಮನೆಗೆ ಬಂದು ಮೊದಲು ಮಾಡಬೇಕಾದದ್ದು ಒಂದು ಹಾಳೆಯ ಎರಡು ಬದಿಯಲ್ಲಿ ಬರೆದುಕೊಳ್ಳುವುದು. ಒಂದು ಬದಿಗೆ, 18 ಲಕ್ಷ ಹೇಳುವಾಗ ಗೊತ್ತಿದ್ದದ್ದು. ಇನ್ನೊಂದು ಬದಿಗೆ, ಆಮೇಲೆ ಅವರ ಬಾಯಿಂದಲೇ ತಿಳಿದದ್ದು. ಇಲ್ಲಿ ಕಟ್ಟುನಿಟ್ಟಾಗಿರಬೇಕು. ವೈಟ್‌ಫೀಲ್ಡ್ ದೂರ ಎಂಬುದು ಮೊದಲೇ ಗೊತ್ತಿತ್ತು, ಅದು ಎರಡನೆಯ ಬದಿಗೆ ಬರುವಂತಿಲ್ಲ. ಮನೆ ಬಾಡಿಗೆ ಏರಿದೆ, ಸ್ನೇಹಿತೆಗೆ 24 ಲಕ್ಷ ಸಿಕ್ಕಿತಂತೆ, ಆ ದಿನ ಕಡಿಮೆ ಹೇಳಿಬಿಟ್ಟೆ, ಇವೂ ಬರುವಂತಿಲ್ಲ. ಇವೆಲ್ಲ ನಿಜವೇ ಇರಬಹುದು, ಆದರೆ ಕೆಲಸ ಬದಲಾಯಿತು ಎನ್ನುವುದಕ್ಕೆ ಇವು ಆಧಾರವಲ್ಲ. ಬಾಡಿಗೆಯ ಮಾತನ್ನು ಆನ್-ಕಾಲ್ ಮಾತಿನ ಜೊತೆ ಬೆರೆಸಿದರೆ, ಕೇಳುವವರು ದುರ್ಬಲವಾದ ಕಾರಣವನ್ನೇ ಹಿಡಿದುಕೊಂಡು ಗಟ್ಟಿಯಾದದ್ದನ್ನೂ ಅನುಮಾನಿಸುತ್ತಾರೆ. ಎರಡನೆಯ ಬದಿಯಲ್ಲಿ ಏನೂ ಉಳಿಯದಿದ್ದರೆ ಅಂಕಿ ಬದಲಿಸಲು ನ್ಯಾಯವಾದ ಕಾರಣವಿಲ್ಲ ಎಂದೇ ಅರ್ಥ.

ಈಕೆಯ ಹಾಳೆಯಲ್ಲಿ ತಂಡ, ರಿಲೀಸ್ ಹೊಣೆ, ಆನ್-ಕಾಲ್, ರಾತ್ರಿ ಮೀಟಿಂಗ್ ಎಂಬ ನಾಲ್ಕು ಸಂಗತಿ ಉಳಿದವು. ಮೊದಲ ಎರಡೇ ಮುಖ್ಯ. ಯಾಕೆಂದರೆ ಅವು ಹುದ್ದೆಯ ದರ್ಜೆಯನ್ನೇ ಬದಲಿಸುತ್ತವೆ. ಕಂಪನಿಗಳಲ್ಲಿ ಪ್ರತಿ ಗ್ರೇಡ್‌ಗೂ ಸಂಬಳದ ಒಂದು ಪಟ್ಟಿ ಇರುತ್ತದೆ, ಅದನ್ನು ಬ್ಯಾಂಡ್ ಎನ್ನುತ್ತಾರೆ. ಒಂಟಿಯಾಗಿ ಟೆಸ್ಟಿಂಗ್ ಮಾಡುವವರ ಬ್ಯಾಂಡ್ ಬೇರೆ, ತಂಡ ನಡೆಸುವ ಲೀಡ್‌ನ ಬ್ಯಾಂಡ್ ಬೇರೆ. ಅಭ್ಯರ್ಥಿ ಒಂದು ಬ್ಯಾಂಡ್‌ನೊಳಗೆ ನಿಂತು ‘ಇನ್ನಷ್ಟು ಕೊಡಿ’ ಎಂದರೆ ಅದು ಚೌಕಾಸಿ. ‘ನೀವು ವಿವರಿಸಿದ ಕೆಲಸ ಬೇರೆ ಬ್ಯಾಂಡ್‌ನದು’ ಎಂದು ತೋರಿಸಿದರೆ ಅದು ಹುದ್ದೆಯ ಬಗೆಗಿನ ಪ್ರಶ್ನೆಯಾಗುತ್ತದೆ. ಅದಕ್ಕೆ ಎಚ್‌ಆರ್‌ನವರು ಮ್ಯಾನೇಜರ್ ಬಳಿ ಹೋಗಿ ಉತ್ತರ ತರಲೇಬೇಕು. ಒಂದಂತಸ್ತಿನ ಮನೆಗೆಂದು ದರ ಹೇಳಿದ ಮೇಸ್ತ್ರಿಗೆ ಆಮೇಲೆ ಎರಡಂತಸ್ತಿನ ನಕ್ಷೆ ಕೊಟ್ಟರೆ, ಅವನು ಹೊಸ ದರ ಹೇಳಿದ್ದಕ್ಕೆ ಯಾರೂ ಮಾತು ತಪ್ಪಿದ ಎನ್ನುವುದಿಲ್ಲ.

ನಮ್ಮಲ್ಲಿ ಹೈಕ್‌ನ ಲೆಕ್ಕ ಬಹಳ ಬಳಕೆಯಲ್ಲಿದೆ. ಈಗಿನ ಸಂಬಳದ ಮೇಲೆ ಶೇಕಡಾ 30 ಸಿಗಬೇಕು, 40 ಸಿಗಬೇಕು ಎಂದು ಮಾತಾಡುವುದು ರೂಢಿ. ಅಂಕಿ ಬದಲಿಸುವಾಗ ಈ ಲೆಕ್ಕವನ್ನು ಮುಟ್ಟಲೇಬಾರದು. 14 ಲಕ್ಷದಿಂದ 18ಕ್ಕೆ ಹೋಗುವುದೇ ಸುಮಾರು ಶೇಕಡಾ 29ರ ಏರಿಕೆ, 22 ಎಂದರೆ ಶೇಕಡಾ 57. ಆ ದಾರಿಯಲ್ಲಿ ಹೋದರೆ ಎಚ್‌ಆರ್‌ನವರು ‘ಇಷ್ಟು ಹೈಕ್ ಯಾರಿಗೂ ಕೊಡುವುದಿಲ್ಲ’ ಎಂಬ ಒಂದೇ ವಾಕ್ಯದಲ್ಲಿ ಮಾತು ಮುಗಿಸುತ್ತಾರೆ. ಕೆಲಸದ ಬೆಲೆ ಹಿಂದಿನ ಕಂಪನಿ ಕೊಡುತ್ತಿದ್ದ ಸಂಬಳದಿಂದ ನಿರ್ಧಾರವಾಗಬಾರದು, ಕೆಲಸದಿಂದಲೇ ಆಗಬೇಕು ಎಂಬುದು ಈಕೆಯ ವಾದ. ಅದಕ್ಕೇ ಅಂಟಿಕೊಳ್ಳಬೇಕು.

ಹೊಸ ಅಂಕಿಯೂ ಬಾಯಿಗೆ ಬಂದದ್ದಾಗಬಾರದು. ಅಷ್ಟೇ ಅನುಭವದಲ್ಲಿ ಟೆಸ್ಟ್ ಲೀಡ್ ಆಗಿರುವ ಹಳೆಯ ಸಹೋದ್ಯೋಗಿಗಳನ್ನು ಆಕೆ ವಿಚಾರಿಸಿದಳು. ಸಿಟಿಸಿ ಎಷ್ಟು ಎನ್ನುವ ಬದಲು ಫಿಕ್ಸೆಡ್ ಎಷ್ಟು ಎಂದೇ ಕೇಳಿದಳು. ಲೀಡ್ ಹುದ್ದೆಯ ಜಾಹೀರಾತುಗಳಲ್ಲಿ ಸಂಬಳ ಹಾಕಿದ್ದನ್ನೂ ನೋಡಿದಳು. ಎಲ್ಲ ಸೇರಿಸಿ 21ರಿಂದ 24 ಲಕ್ಷದ ನಡುವೆ ಕಂಡಿತು ಎನ್ನೋಣ. ತಂಡ ನಡೆಸುವುದು ಆಕೆಗೆ ಇದೇ ಮೊದಲು. ಅದನ್ನು ಲೆಕ್ಕಕ್ಕೆ ಹಿಡಿದು 22 ಎಂದು ನಿರ್ಧರಿಸಿದಳು. ಆನ್-ಕಾಲ್ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಕೆಲವು ಕಂಪನಿಗಳು ಆನ್-ಕಾಲ್ ವಾರಕ್ಕೆ ಪ್ರತ್ಯೇಕ ಭತ್ಯೆ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಕೇಳದೆಯೇ ಅದನ್ನು ಸಂಬಳಕ್ಕೆ ಸೇರಿಸಿಬಿಟ್ಟರೆ, ‘ಅದಕ್ಕೆ ಬೇರೆ ದುಡ್ಡು ಇದೆಯಲ್ಲ’ ಎಂಬ ಉತ್ತರ ಬಂದಾಗ ನಿಮ್ಮ ಇಡೀ ಲೆಕ್ಕ ಸಡಿಲವಾಗಿ ಕಾಣುತ್ತದೆ.

ಇನ್ನು ಯಾವಾಗ ಹೇಳಬೇಕು ಎಂಬುದು. ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದಲ್ಲಿ ಇದರಷ್ಟು ತೂಕದ್ದು ಬೇರೆ ಇಲ್ಲ. ಕೆಲಸದ ವಿವರ ತಿಳಿದ ಮರುದಿನವೇ, ಮುಂದಿನ ಸುತ್ತಿಗೆ ಮುಂಚೆಯೇ ಹೇಳಬೇಕು. ಕೊನೆಯ ಸುತ್ತು ಮುಗಿದು ಆಯ್ಕೆಯಾದ ಮೇಲೆ ಎಚ್‌ಆರ್‌ನವರು ಹಳೆಯ ಅಂಕಿಯನ್ನೇ ಇಟ್ಟುಕೊಂಡು ಆಫರ್‌ಗೆ ಮೇಲಿನವರ ಒಪ್ಪಿಗೆ ಕೇಳುತ್ತಾರೆ. ಒಮ್ಮೆ 18ಕ್ಕೆ ಒಪ್ಪಿಗೆ ಬಂದರೆ ಅದನ್ನು 22 ಮಾಡಲು ಅದೇ ಜನರ ಮುಂದೆ ಮತ್ತೆ ಹೋಗಬೇಕು. ಅದು ಎಚ್‌ಆರ್‌ನವರಿಗೂ ಮುಜುಗರ. ತಡ ಮಾಡಿದಷ್ಟೂ ನಿಮ್ಮ ಕಾರಣ ನೆಪದಂತೆ ಕೇಳಿಸುತ್ತದೆ. ಮೂರನೆಯ ಸುತ್ತಿನಲ್ಲಿ ತಿಳಿದದ್ದನ್ನು ಆಯ್ಕೆಯಾಗುವ ತನಕ ಮುಚ್ಚಿಟ್ಟು, ಅವರಿಗೆ ನೀವು ಬೇಕು ಎಂದು ಖಚಿತವಾದ ಮೇಲೆ ತೆಗೆದರೆ, ಕಾರಣ ಎಷ್ಟೇ ನಿಜವಾದರೂ ನಂಬುವುದು ಕಷ್ಟ. ಆಯ್ಕೆಯಾದ ಮೇಲೆ ಕೇಳಿದರೆ ಹಿಡಿತ ಹೆಚ್ಚು ಎಂದು ಸಲಹೆ ಕೊಡುವವರಿದ್ದಾರೆ. ಮೊದಲೇ ಅಂಕಿ ಹೇಳಿರದವರಿಗೆ ಆ ಸಲಹೆ ಸರಿ. ಒಮ್ಮೆ ಹೇಳಿ ಬದಲಿಸುವವರಿಗೆ ಅದು ಹೊಂದುವುದಿಲ್ಲ.

ಹೇಳಬೇಕಾದದ್ದು ಮೊದಲು ಅಂಕಿ ಕೇಳಿದ್ದ ಎಚ್‌ಆರ್‌ನವರಿಗೇ. ಮ್ಯಾನೇಜರ್ ಎದುರು ಸಂಬಳದ ಮಾತೆತ್ತಿದರೆ ಅವರು ಅದನ್ನು ಎಚ್‌ಆರ್‌ಗೆ ಅರ್ಧಂಬರ್ಧ ದಾಟಿಸುತ್ತಾರೆ, ಎಚ್‌ಆರ್‌ನವರಿಗೆ ತಮ್ಮನ್ನು ಬಳಸಿಕೊಂಡು ಮೇಲೆ ಹೋದಂತೆ ಅನ್ನಿಸುತ್ತದೆ. ಮೊದಲು ಫೋನ್, ಆಮೇಲೆ ಅದೇ ದಿನ ಇಮೇಲ್. ಫೋನ್‌ನಲ್ಲಿ ಆಕೆ ಹೇಳಿದ್ದು ಹೀಗೆ:

“ಮೇಡಂ, ನಿನ್ನೆ ಮ್ಯಾನೇಜರ್ ಜೊತೆ ಮಾತಾಡಿದ ಮೇಲೆ ಕೆಲಸ ಏನು ಅಂತ ಸ್ಪಷ್ಟವಾಯಿತು. ನನಗೆ ಇಷ್ಟವಾಗಿದೆ. ಮೊದಲ ಕರೆಯಲ್ಲಿ ನಿಮಗೆ 18 ಲಕ್ಷ ಅಂತ ಹೇಳಿದ್ದೆ. ಅದು ಜೆಡಿಯಲ್ಲಿ ಇದ್ದಂತೆ ಒಬ್ಬಳೇ ಟೆಸ್ಟಿಂಗ್ ನೋಡಿಕೊಳ್ಳುವ ಕೆಲಸಕ್ಕೆ. ಈಗ ನಾಲ್ಕು ಜನರ ತಂಡ ನಡೆಸಬೇಕು, ರಿಲೀಸ್‌ಗೆ ನಾನೇ ಸಹಿ ಹಾಕಬೇಕು ಅಂತ ಗೊತ್ತಾಯಿತು. ಈ ಕೆಲಸಕ್ಕೆ ನನ್ನ ನಿರೀಕ್ಷೆ 22 ಲಕ್ಷ ಫಿಕ್ಸೆಡ್. ಆನ್-ಕಾಲ್‌ಗೆ ನಿಮ್ಮಲ್ಲಿ ಬೇರೆ ಭತ್ಯೆ ಇದೆಯಾ ಅಂತಲೂ ತಿಳಿಯಬೇಕಿತ್ತು. ಮುಂದಿನ ಸುತ್ತಿಗೆ ಮುಂಚೆಯೇ ಹೇಳಿಬಿಡೋಣ ಅಂತ ಫೋನ್ ಮಾಡಿದೆ.”

ಹಳೆಯ ಅಂಕಿಯನ್ನು ಅವರು ನೆನಪಿಸುವ ಮೊದಲು ಆಕೆಯೇ ನೆನಪಿಸಿದಳು ಎಂಬುದನ್ನು ಗಮನಿಸಿ. ಮುಚ್ಚಿಡುವವರು ಹೀಗೆ ಮಾಡುವುದಿಲ್ಲ. ಬದಲಾದ ಸಂಗತಿಗಳು ಯಾವುವು, ಅವನ್ನು ಹೇಳಿದವರು ಯಾರು ಎಂಬುದನ್ನೂ ಹೇಳಿದಳು. ಎಚ್‌ಆರ್‌ನವರು ಮ್ಯಾನೇಜರ್‌ಗೆ ಒಂದು ಸಂದೇಶ ಕಳಿಸಿ ತಾಳೆ ನೋಡಬಹುದು. ಇಷ್ಟಾದರೂ ಅವರು ಕೇಳಿಯೇ ಕೇಳುತ್ತಾರೆ: “ಮೊದಲು 18 ಅಂದಿದ್ರಲ್ಲ?” ಈ ಪ್ರಶ್ನೆಗೆ ಹೆಚ್ಚಿನವರು ತಬ್ಬಿಬ್ಬಾಗಿ ಕ್ಷಮೆ ಕೇಳುತ್ತಾರೆ, ಇಲ್ಲವೇ ಮಾರುಕಟ್ಟೆಯ ದರ ವಿವರಿಸಲು ತೊಡಗುತ್ತಾರೆ. ಎರಡೂ ಬೇಡ. ಸರಿಯಾದ ಉತ್ತರ ಒಂದೇ ಸಾಲಿನದು: “ಹೌದು ಮೇಡಂ, ಆ ಕೆಲಸಕ್ಕೆ ಈಗಲೂ 18ಕ್ಕೇ ಸಿದ್ಧ.”

ಈ ಸಾಲನ್ನು ಹೇಳಲು ನಿಮಗೆ ಮನಸ್ಸಿರಬೇಕು. ಜೆಡಿಯಲ್ಲಿದ್ದ ಕೆಲಸವನ್ನಷ್ಟೇ ಕೊಟ್ಟರೆ 18ಕ್ಕೆ ನಿಜಕ್ಕೂ ಸೇರುವಿರಾ? ಸೇರುವುದಿಲ್ಲವಾದರೆ ನಿಮ್ಮ ಅಂಕಿ ಬದಲಾದದ್ದು ಕೆಲಸದಿಂದಲ್ಲ. ಸೇರುವಿರಾದರೆ ನಿಮ್ಮ ಮಾತು ಒಂದಿಷ್ಟೂ ಕದಲಿಲ್ಲ, ಕದಲಿದ್ದು ಅವರ ಕೆಲಸದ ವಿವರಣೆ. ಎಚ್‌ಆರ್‌ನವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕೆಲವೊಮ್ಮೆ ಅವರೇ, ‘ತಂಡದ ಜವಾಬ್ದಾರಿ ಒಂದು ವರ್ಷದ ನಂತರ, ಈಗಲ್ಲ’ ಎಂದು ಕೆಲಸವನ್ನು ಹಿಂದಿನ ಅಳತೆಗೆ ತರುತ್ತಾರೆ. ಅದೂ ನ್ಯಾಯವಾದ ಇತ್ಯರ್ಥವೇ. ಅದನ್ನು ಬರಹದಲ್ಲಿ ಪಡೆಯಬೇಕು ಅಷ್ಟೆ.

“ಬೇರೆ ಆಫರ್ ಇದೆಯಾ?” ಎಂಬ ಪ್ರಶ್ನೆಯೂ ಬರಬಹುದು. ಇಲ್ಲದಿದ್ದರೆ ಇಲ್ಲ ಎನ್ನಿ. ಇದ್ದರೆ ಇದೆ ಎನ್ನಿ, ಆದರೆ ಅಂಕಿ ಬದಲಾದದ್ದು ಕೆಲಸದ ಕಾರಣಕ್ಕೆ ಎಂಬುದನ್ನೂ ಹೇಳಿ. ಇಲ್ಲದ ಆಫರನ್ನು ಇದೆಯೆಂದರೆ ಕೆಲವರು ಆಫರ್ ಲೆಟರ್ ತೋರಿಸಿ ಎನ್ನುತ್ತಾರೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ.

ಇಮೇಲ್ ನಾಲ್ಕೈದು ಸಾಲಿಗಿಂತ ಉದ್ದವಾಗಬಾರದು. ಫೋನ್‌ನಲ್ಲಿ ಆದ ಮಾತಿನ ಸಾರಾಂಶ, ಮೂರನೆಯ ಸುತ್ತಿನ ದಿನಾಂಕ, ಆಗ ತಿಳಿದ ಹೊಣೆಗಳು, ಹೊಸ ಅಂಕಿ, ಅದು ಫಿಕ್ಸೆಡ್ ಎಂಬ ಮಾತು. ಇಷ್ಟಿದ್ದರೆ ಎಚ್‌ಆರ್‌ನವರು ಅದನ್ನೇ ಮೇಲಿನವರಿಗೆ ಕಳಿಸಬಹುದು. ನೌಕ್ರಿಯಂಥ ತಾಣದಲ್ಲಿ ನಿಮ್ಮ ಪ್ರೊಫೈಲ್ ಇದ್ದರೆ ಅಲ್ಲಿ ನಮೂದಿಸಿದ ನಿರೀಕ್ಷೆಯನ್ನೂ ಅದೇ ದಿನ ನೋಡಿಕೊಳ್ಳಿ. ಫೋನ್‌ನಲ್ಲಿ 22, ಪ್ರೊಫೈಲ್‌ನಲ್ಲಿ 17 ಎಂದಿದ್ದರೆ ವಿವರಣೆ ಕೊಡಬೇಕಾದ ಅಂಕಿಗಳು ಮೂರಾಗುತ್ತವೆ. ಕನ್ಸಲ್ಟೆನ್ಸಿ ಮೂಲಕ ಹೋಗಿದ್ದರೆ ಮಾತು ಅವರ ಮೂಲಕವೇ ಹೋಗಬೇಕು. ‘ಈಗ ಬದಲಿಸಿದರೆ ಕೈತಪ್ಪುತ್ತದೆ’ ಎಂದು ಅವರು ತಡೆಯಬಹುದು. ನೀವು ಬರೆದ ಇಮೇಲ್ ಅನ್ನು ಹಾಗೆಯೇ ಕಂಪನಿಗೆ ಕಳಿಸಿ ಎಂದು ಕೇಳಿ.

ಫಿಕ್ಸೆಡ್ ಎಂದು ಒತ್ತಿ ಹೇಳಬೇಕಾದ ಕಾರಣ ಸಿಟಿಸಿಯ ಒಳಗಿದೆ. ಒಂದು ಕಂಪನಿ 18 ಲಕ್ಷ ಸಿಟಿಸಿ ಕೊಟ್ಟಿತು, ಅದರಲ್ಲಿ ಶೇಕಡಾ 10 ವೇರಿಯಬಲ್, ಅರ್ಧದಷ್ಟು ಬೇಸಿಕ್ ಎಂದುಕೊಳ್ಳಿ. ವೇರಿಯಬಲ್ 1,80,000. ಬೇಸಿಕ್‌ನ ಶೇಕಡಾ 12ರಂತೆ ಕಂಪನಿಯ ಪಾಲಿನ ಪಿಎಫ್ 1,08,000. ಶೇಕಡಾ 4.81ರಂತೆ ಗ್ರಾಚ್ಯುಟಿ 43,290. ಇವನ್ನು ಕಳೆದರೆ ತಿಂಗಳಿಗೆ ಉಳಿಯುವುದು ಸುಮಾರು 1 ಲಕ್ಷ 22 ಸಾವಿರ. ಅದರಿಂದಲೇ ನಿಮ್ಮ ಪಾಲಿನ ಪಿಎಫ್, ತೆರಿಗೆ ಹೋಗಬೇಕು. ಹದಿನೆಂಟನ್ನು ಹನ್ನೆರಡರಿಂದ ಭಾಗಿಸಿ ಒಂದೂವರೆ ಲಕ್ಷ ಎಂದುಕೊಂಡವರಿಗೆ ಇದು ದೊಡ್ಡ ಆಘಾತ. ಇದನ್ನು ಆಮೇಲೆ ಕಂಡುಕೊಂಡು ಎರಡನೆಯ ಬಾರಿ ಅಂಕಿ ಬದಲಿಸಲು ಹೋದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಬದಲಿಸಲು ಸಿಗುವುದು ಒಂದೇ ಅವಕಾಶ, ಆಗ ಎಲ್ಲವನ್ನೂ ಸೇರಿಸಿ ಹೇಳಬೇಕು.

ಎಚ್‌ಆರ್‌ನವರು ಎರಡು ದಿನ ಬಿಟ್ಟು ಫೋನ್ ಮಾಡಿ, ಬಜೆಟ್ ಇರುವುದು 20.5 ಲಕ್ಷಕ್ಕೆ ಮಾತ್ರ ಎಂದರು ಎನ್ನೋಣ. ಇದು ಸುಳ್ಳೇ ಇರಬೇಕೆಂದಿಲ್ಲ. ಅದೇ ತಂಡದ ಹಳಬರ ಸಂಬಳಕ್ಕಿಂತ ಹೊಸಬರಿಗೆ ಬಹಳ ಹೆಚ್ಚು ಕೊಡಲಾಗದ ಇಕ್ಕಟ್ಟು ನಿಜವಾಗಿಯೂ ಇರುತ್ತದೆ. ಆಗ ಕೇಳಬೇಕಾದ ಮೊದಲ ಸಂಗತಿ ಹುದ್ದೆಯ ಹೆಸರು. ಲೀಡ್ ಕೆಲಸ ಮಾಡಿಸಿಕೊಂಡು ಸೀನಿಯರ್ ಎಂಜಿನಿಯರ್ ಎಂದು ಬರೆದರೆ ಮುಂದಿನ ಕಂಪನಿಯಲ್ಲೂ ನೀವು ಅಲ್ಲಿಂದಲೇ ಶುರುಮಾಡಬೇಕು. ಆಫರ್‌ನಲ್ಲಿ ಟೆಸ್ಟ್ ಲೀಡ್ ಎಂದೇ ಇರಲಿ ಎನ್ನುವುದಕ್ಕೆ ಕಂಪನಿಗೆ ಹೆಚ್ಚಿನ ಖರ್ಚಿಲ್ಲ. ಆಮೇಲೆ ಜಾಯ್ನಿಂಗ್ ಬೋನಸ್. ಅದು ವರ್ಷದ ಬಜೆಟ್‌ಗೆ ಅಂಟದ ಒಂದು ಸಲದ ಹಣವಾದ್ದರಿಂದ ಸುಲಭವಾಗಿ ಸಿಗುತ್ತದೆ. ಆದರೆ ಸಾಮಾನ್ಯವಾಗಿ ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತಿರುತ್ತದೆ, ಓದಿ ಒಪ್ಪಿ. ‘ಆರು ತಿಂಗಳಿಗೆ ನೋಡೋಣ’ ಎಂಬ ಮಾತು ಆಫರ್ ಲೆಟರ್‌ನಲ್ಲಿ ಇಲ್ಲದಿದ್ದರೆ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಹಾಗೆ ಹೇಳಿದ ಮ್ಯಾನೇಜರ್ ಅಷ್ಟರಲ್ಲಿ ಕಂಪನಿ ಬಿಟ್ಟಿರುವುದೂ ಉಂಟು. ಈಕೆ 20.5 ಲಕ್ಷ ಫಿಕ್ಸೆಡ್, ಲೀಡ್ ಹುದ್ದೆ, ಒಂದು ಲಕ್ಷ ಜಾಯ್ನಿಂಗ್ ಬೋನಸ್, ನಿಯಮದಂತೆ ಆನ್-ಕಾಲ್ ಭತ್ಯೆಗೆ ಒಪ್ಪಿದರೆ ಅದು ಒಳ್ಳೆಯ ಒಪ್ಪಂದ ಎಂದೇ ನನ್ನ ಎಣಿಕೆ.

ಅಂಕಿ ಬದಲಿಸಲು ಆಗದ ಘಟ್ಟವೂ ಇದೆ. ಆಫರ್ ಲೆಟರ್‌ಗೆ ಒಪ್ಪಿಗೆ ಕೊಟ್ಟ ಮೇಲೆ ಹಳೆಯ ಮಾಹಿತಿಯನ್ನೇ ಮುಂದಿಟ್ಟು ಸಂಬಳ ಏರಿಸಿ ಎನ್ನುವುದು ನಿಜವಾಗಿಯೂ ಮಾತು ತಪ್ಪಿದಂತೆ. ಆ ಲೆಟರ್‌ನಲ್ಲೇ ಹುದ್ದೆ, ಊರು ಅಥವಾ ಶಿಫ್ಟ್ ಮೊದಲು ಹೇಳಿದ್ದಕ್ಕಿಂತ ಬೇರೆಯಾಗಿದ್ದರೆ, ಒಪ್ಪುವ ಮೊದಲು ಕೇಳುವ ಹಕ್ಕು ನಿಮಗಿದೆ. ಇನ್ನೊಂದು ಅಂಕಿಯನ್ನಂತೂ ಯಾವ ಹಂತದಲ್ಲೂ ಬದಲಿಸುವಂತಿಲ್ಲ, ಅದು ಈಗಿನ ಸಿಟಿಸಿ. ಕೊನೆಗೆ ಮೂರು ತಿಂಗಳ ಪೇ ಸ್ಲಿಪ್ ಕೇಳುತ್ತಾರೆ, ಸೇರಿದ ಮೇಲೂ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ನಿರೀಕ್ಷೆ ಬದಲಾದರೆ ಕಾರಣ ಹೇಳಬಹುದು. ಈಗಿನ ಸಂಬಳವನ್ನು ಒಮ್ಮೆ 14, ಇನ್ನೊಮ್ಮೆ 16 ಎಂದವರಿಗೆ ಹೇಳಲು ಏನೂ ಇರುವುದಿಲ್ಲ, ಸಿಕ್ಕ ಕೆಲಸವೇ ಹೋಗಬಹುದು.

ಮುಂದಿನ ಸಲ ಆ ಮೊದಲ ಕರೆ ಬಂದಾಗ ಬರಿಯ ಅಂಕಿ ಹೇಳಬೇಡಿ, ಅಂಕಿಯನ್ನು ಕೆಲಸಕ್ಕೆ ಕಟ್ಟಿ ಹೇಳಿ: “ಈಗ ಜೆಡಿಯಲ್ಲಿರುವ ಕೆಲಸಕ್ಕೆ 18 ಲಕ್ಷ ಫಿಕ್ಸೆಡ್. ಹೊಣೆ ಹೆಚ್ಚಿದೆ ಅಂತ ಮುಂದೆ ಗೊತ್ತಾದರೆ ಆಗ ಮಾತಾಡೋಣ.” ಎಚ್‌ಆರ್‌ನವರಿಗೆ ಇದನ್ನು ಬರೆದುಕೊಳ್ಳಲು ಯಾವ ತಕರಾರೂ ಇರುವುದಿಲ್ಲ.